ಕೋಡುಂ ಕೊಳಗುಮಂ

ಹಳೆಯ ಗುಡಿಯ ಅಂಗಳದಲ್ಲಿ ಗೋಡೆಗೊರಗಿ ನಿಂತ ಶಾಸನದ ಕಲ್ಲನ್ನು ನೋಡುವವರು ಸಾಮಾನ್ಯವಾಗಿ ಮೇಲಿನ ಚಿತ್ರಗಳನ್ನಷ್ಟೇ ನೋಡಿ ಮುಂದೆ ಹೋಗುತ್ತಾರೆ. ಸೂರ್ಯ, ಚಂದ್ರ, ನಡುವೆ ಲಿಂಗ, ಒಂದು ಬದಿಗೆ ಕರುವಿಗೆ ಹಾಲೂಡಿಸುತ್ತ ನಿಂತ ಆಕಳು. ಕೆಳಗಿನ ಅಕ್ಷರಗಳಲ್ಲಿ ಅರಸನ ಬಿರುದುಗಳು, ದಾನ ಕೊಟ್ಟವರ ಹೆಸರು, ಹೊಲದ ಎಲ್ಲೆಕಟ್ಟು ಎಲ್ಲ ಮುಗಿದ ಮೇಲೆ, ತೀರ ತುದಿಯಲ್ಲಿ ಮತ್ತೆ ಆಕಳೇ ಬರುತ್ತದೆ. ಕಲ್ಲು ಓದುವುದನ್ನು ಕಲಿಯಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಮೇಲಿನಿಂದ ಶುರು ಮಾಡಬೇಡಿ, ಆ ತುದಿಯ ಆಕಳಿನಿಂದ ಶುರು ಮಾಡಿ.

ಕಾರಣ ಇದೆ. ಅರಸನ ಬಿರುದುಗಳು ಕಲ್ಲಿಂದ ಕಲ್ಲಿಗೆ ಬದಲಾಗುತ್ತವೆ, ಹೊಲದ ಲೆಕ್ಕ ಊರಿಂದ ಊರಿಗೆ ಬೇರೆ. ತುದಿಯ ಶಾಪ ಮತ್ತು ಪುಣ್ಯದ ಮಾತು ಮಾತ್ರ ಬಾದಾಮಿ ಚಾಲುಕ್ಯರ ಕಾಲದಿಂದ ಶತಮಾನಗಟ್ಟಲೆ ಹೆಚ್ಚು ಕಡಿಮೆ ಒಂದೇ ಅಚ್ಚಿನಲ್ಲಿ ನಡೆದುಬಂದಿದೆ. ಒಂದು ಕಲ್ಲಿನಲ್ಲಿ ಸವೆದು ಹೋದದ್ದು ಇನ್ನೊಂದರಲ್ಲಿ ಉಳಿದಿರುತ್ತದೆ. ಗೊತ್ತಿಲ್ಲದ ಶಬ್ದಕ್ಕೆ ಅರ್ಥ ಕಟ್ಟುವ ವಿದ್ಯೆಯನ್ನು ಕೈಗೂಡಿಸಿಕೊಳ್ಳಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆ ಮಾತು ಸುಮಾರಾಗಿ ಹೀಗಿರುತ್ತದೆ. ಈ ಧರ್ಮವನ್ನು ಕಾದವನಿಗೆ ವಾರಣಾಸಿಯಲ್ಲಿ, ಕುರುಕ್ಷೇತ್ರದಲ್ಲಿ, ಪ್ರಯಾಗೆಯಲ್ಲಿ ಸಾಸಿರ ಕವಿಲೆಯ ‘ಕೋಡುಂ ಕೊಳಗುಮಂ’ ಪೊನ್ನಿನಲ್ಲಿ ಕಟ್ಟಿಸಿ, ವೇದಪಾರಗರಾದ ಸಾಸಿರ್ವರಿಗೆ ‘ಉಭಯಮುಖಿ’ ಕೊಟ್ಟ ಫಲ. ಇದನ್ನು ಅೞಿದವನಿಗೆ ಆ ತೀರ್ಥಗಳಲ್ಲಿ ಅಷ್ಟೇ ಕವಿಲೆಗಳನ್ನೂ ಅಷ್ಟೇ ಬ್ರಾಹ್ಮಣರನ್ನೂ ಕೊಂದ ಪಾತಕ.

ಮೊದಲು ‘ಕಾದ’ ಎಂಬುದನ್ನೇ ನೋಡಿ. ಇವತ್ತಿನ ಓದುಗನಿಗೆ ಬಸ್ಸಿಗೆ ಕಾದವನು ಗೊತ್ತು, ಕಾದ ಎಣ್ಣೆ ಗೊತ್ತು. ವೀರಗಲ್ಲುಗಳಲ್ಲಿ ‘ಕಾದಿ ಸತ್ತ’ ಎಂದು ಓದಿದವನಿಗೆ ಹೋರಾಟ ನೆನಪಾಗುತ್ತದೆ. ಈ ಮೂರರಲ್ಲಿ ಯಾವುದೂ ಇಲ್ಲಿ ಕೂರುವುದಿಲ್ಲ. ಮಾತಿನ ಎರಡು ಅರ್ಧಗಳನ್ನು ಎದುರುಬದುರು ಇಟ್ಟರೆ ಉತ್ತರ ಸಿಗುತ್ತದೆ. ಒಂದು ಕಡೆ ಪುಣ್ಯ, ಇನ್ನೊಂದು ಕಡೆ ಪಾತಕ; ಪಾತಕದ ಕಡೆ ಇರುವುದು ‘ಅೞಿದವನು’, ಅಂದರೆ ಕೆಡಿಸಿದವನು. ಹಾಗಾದರೆ ಪುಣ್ಯದ ಕಡೆಯ ‘ಕಾದವನು’ ಅದಕ್ಕೆ ವಿರುದ್ಧನೇ ಆಗಬೇಕು: ಕೆಡದಂತೆ ನೋಡಿಕೊಂಡವನು. ನಮ್ಮ ಅಳ್ನಾವರದ ಸುತ್ತಿನ ಹಳ್ಳಿಗಳಲ್ಲಿ ಈ ಅರ್ಥ ಸತ್ತಿಲ್ಲ. ಆಕಳು ಕಟ್ಟಿದ ಹಿರಿಯರೊಬ್ಬರಿಗೆ ಈ ಸಾಲನ್ನು ಓದಿ ಹೇಳಿದಾಗ ಅವರು ತಟ್ಟನೆ ಅಂದರು: “ದನಾ ಕಾಯೋದು, ಹೊಲಾ ಕಾಯೋದು ಅಂತೀವಲ್ರೀ ಮಾಸ್ತರ, ಅದ ಇದು.” ಶಾಸನದ ಅರ್ಥಕೋಶವೊಂದು ಊರಿನ ಬಾಯಲ್ಲಿಯೂ ಇದೆ ಎಂಬುದನ್ನು ಓದುಗರು ಮರೆಯಬಾರದು.

ಇನ್ನು ಕೋಡು. ಹಳಗನ್ನಡದ ಕಲ್ಲುಗಳಲ್ಲಿ ಎಕಾರ, ಒಕಾರಗಳ ಹ್ರಸ್ವಕ್ಕೂ ದೀರ್ಘಕ್ಕೂ ಸಾಮಾನ್ಯವಾಗಿ ಬೇರೆ ಗುರುತಿಲ್ಲ. ‘ಕೊಡು’ ಮತ್ತು ‘ಕೋಡು’ ಎರಡನ್ನೂ ಒಂದೇ ರೀತಿ ಕಂಡರಿಸುತ್ತಿದ್ದರು. ದಾನದ ಶಾಸನ ಬೇರೆ. ಎಲ್ಲಿ ನೋಡಿದರೂ ಕೊಟ್ಟರು, ಬಿಟ್ಟರು ಎಂಬ ಮಾತುಗಳೇ. ಹೊಸಬ ‘ಕೊಡು’ ಎಂದೇ ಓದುತ್ತಾನೆ, ಅದು ಸಹಜ. ಆದರೆ ಶಬ್ದದ ಬಾಲ ನೋಡಬೇಕು. ಕೋಡ್-ಉಂ, ಕೊಳಗ-ಉಂ: ಎರಡಕ್ಕೂ ‘ಉಂ’ ಅಂಟಿದೆ, ಅಂದರೆ ‘ಇದೂ ಅದೂ’. ಕೊನೆಗೆ ಎರಡನೆಯದಕ್ಕೆ ಎರಡನೆಯ ವಿಭಕ್ತಿಯ ‘ಅಂ’ ಸೇರಿದೆ. ಇವು ಜೋಡಿ ನಾಮಪದಗಳು, ಎರಡೂ ಒಂದೇ ಜಾತಿಯ ವಸ್ತುಗಳು, ಎರಡೂ ‘ಕವಿಲೆಯ’ ಎಂಬ ಷಷ್ಠಿಗೆ ಸೇರಿದವು. ಆಕಳಿಗಿರುವುದು ಕೋಡು.

ಹಾಗಾದರೆ ಕೊಳಗ? ಇಲ್ಲಿಯೇ ಹೆಚ್ಚಿನವರು ಎಡವುವುದು. ಕೊಳಗ ಎಂದರೆ ಕಾಳು ಅಳೆಯುವ ಮಾಪು, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಅದೇ ಕಲ್ಲಿನ ನಡುಭಾಗದಲ್ಲಿ ದೇವರ ನೈವೇದ್ಯಕ್ಕೆ ಇಷ್ಟು ಕೊಳಗ ಅಕ್ಕಿ ಎಂದು ಬಂದಿರಲೂಬಹುದು. ಆ ಅರ್ಥವನ್ನೇ ಇಲ್ಲಿಗೂ ತಂದರೆ ಸಾವಿರ ಆಕಳ ಕೊಂಬಿಗೂ ಒಂದು ಅಳತೆಯ ಪಾತ್ರೆಗೂ ಬಂಗಾರ ಕಟ್ಟಿಸಿದಂತಾಗುತ್ತದೆ. ವಾಕ್ಯ ವ್ಯಾಕರಣದಲ್ಲಿ ಸರಿಯಾಗಿದೆ, ಲೋಕದಲ್ಲಿ ಸರಿಯಿಲ್ಲ. ಅರ್ಥ ತಪ್ಪಿದೆ ಎನ್ನಲು ಇದೇ ಗುರುತು. ಕೋಡಿನ ಜೊತೆಗೆ ಬರಬೇಕಾದದ್ದು ಆಕಳ ಮೈಮೇಲಿನ ಇನ್ನೊಂದು ಗಟ್ಟಿ ಭಾಗ, ಚಿನ್ನದ ತಗಡು ಹೊದಿಸಬಹುದಾದ ಭಾಗ. ತಮಿಳಿನಲ್ಲಿ ಗೊರಸಿಗೆ ‘ಕುಳಂಪು’ ಎನ್ನುತ್ತಾರೆ. ನಮ್ಮ ಕೊಳಗವೂ ಅದರ ಬಂಧುವೇ. ಅಂದರೆ ಇದು ಗೊರಸು. ಮಾಪಿನ ಕೊಳಗದ ಮುಂದೆ ಎಣಿಕೆ ಮತ್ತು ಧಾನ್ಯದ ಹೆಸರು ಇರುತ್ತವೆ, ಗೊರಸಿನ ಕೊಳಗದ ಮುಂದೆ ಕೋಡು ಇರುತ್ತದೆ. ನೆರೆಹೊರೆಯನ್ನು ಕಂಡು ಮನುಷ್ಯನ ಗುರುತು ಹಿಡಿಯುವ ಹಾಗೆಯೇ ಇದು.

‘ಉಭಯಮುಖಿ’ಯಲ್ಲಿ ಸಂದರ್ಭ ಅರ್ಧ ದಾರಿಗೆ ನಿಲ್ಲುತ್ತದೆ. ಎರಡು ಮುಖದ್ದು ಎಂದು ಸಂಸ್ಕೃತ ಬಲ್ಲ ಯಾರಾದರೂ ಹೇಳಬಹುದು. ಅದು ದಾನದ ವಸ್ತು ಎಂದು ಮುಂದಿನ ‘ಕೊಟ್ಟ’ ಹೇಳುತ್ತದೆ. ಎರಡು ಮುಖದ ದಾನ ಯಾವುದು? ಅದಕ್ಕೆ ಕಲ್ಲಿನಿಂದ ಹೊರಗೆ, ಧರ್ಮಶಾಸ್ತ್ರಕ್ಕೆ ಹೋಗಬೇಕು. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ‘ಉಭಯತೋಮುಖಿ’ ಎಂಬ ಗೋದಾನವಿದೆ: ಈಯುತ್ತಿರುವ ಆಕಳು, ಕರುವಿನ ಮುಖ ಹೊರಗೆ ಕಂಡ ಗಳಿಗೆಯಲ್ಲಿ ಕೊಡುವ ದಾನ. ಅಲ್ಲಿ ಒಂದು ಮುಖ ತಾಯಿಯದು, ಒಂದು ಕರುವಿನದು. ಹಟ್ಟಿಯಲ್ಲಿ ರಾತ್ರಿ ಕೂತು ಕರುವಿನ ಮುಂಗಾಲಿನ ಹಿಂದೆ ಮೂತಿ ಬರುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಇಂಥ ಗಳಿಗೆಯ ಆಕಳು ಒಂದಲ್ಲ, ಸಾವಿರ! ಆ ಪುಣ್ಯ ಎಷ್ಟು ದುರ್ಲಭ ಎಂಬುದು ಅರ್ಥ ತಿಳಿದ ಮೇಲೆಯೇ ಹೊಳೆಯುತ್ತದೆ.

ಸಾವಿರ ಎಂದ ಕೂಡಲೇ ಅಣ್ಣಿಗೇರಿಗೆ ಹೋಗೋಣ. ಅಳ್ನಾವರ ಜಂಕ್ಷನ್ನಿನಿಂದ ಧಾರವಾಡ, ಹುಬ್ಬಳ್ಳಿ ದಾಟಿ ಗದಗಿನ ಹಳಿ ಹಿಡಿದರೆ ದಾರಿಯಲ್ಲೇ ಅಣ್ಣಿಗೇರಿ. ನಮ್ಮ ಕಡೆಯ ಮಲೆನಾಡ ಸೆರಗಿನ ಕಾಡು, ಭತ್ತ ಕಳೆದು ಎರಿ ಹೊಲಗಳು ಹರಡಿಕೊಳ್ಳುವ ನಾಡು ಅದು. ಅಲ್ಲಿ ಬಾದಾಮಿಯ ಎರಡನೆಯ ಕೀರ್ತಿವರ್ಮನ ಆಳ್ವಿಕೆಯ ಆರನೆಯ ವರ್ಷದ, ಎಂಟನೆಯ ಶತಮಾನದ ನಡುಭಾಗದ ಶಾಸನವಿದೆ. ಜೆಬುಳಗೇರಿಯ ಗಾಮುಂಡ ಕಲಿಯಮ್ಮ ಅಲ್ಲಿ ‘ಚೇದಿಯ’ವನ್ನು ಮಾಡಿಸಿದ ಎಂಬುದು ಅದರ ವಿಷಯ. ಚೇದಿಯ ಎಂಬುದು ಇಂದು ಯಾರ ಬಾಯಲ್ಲೂ ಇಲ್ಲ. ಆದರೆ ‘ಮಾಡಿಸಿದ’ ಎಂಬ ಕ್ರಿಯಾಪದ ಅದು ಕಟ್ಟಡ ಎಂದು ಸೂಚಿಸುತ್ತದೆ. ಪ್ರಾಕೃತದ ‘ಚೇತಿಯ’, ಸಂಸ್ಕೃತದ ‘ಚೈತ್ಯ’ ಅದರ ಹಿಂದೆ ನಿಲ್ಲುತ್ತವೆ. ಜಿನಾಲಯ ಎಂದು ವಿದ್ವಾಂಸರು ತಿಳಿದದ್ದು ಹೀಗೆ.

ಅದೇ ಕಲ್ಲಿನಲ್ಲಿ ಇನ್ನೊಬ್ಬನ ಹೆಸರು ಬರುತ್ತದೆ: ಕೀರ್ತಿವರ್ಮ ಗೋಸಾಸಿ. ಮೊದಲ ಭಾಗ ದೊರೆಯ ಹೆಸರು. ಗೋಸಾಸಿ ಏನು? ಕವಿಲೆಯ ಸಾಲನ್ನು ಬಲ್ಲವನಿಗೆ ಬೀಗದ ಕೈ ಆಗಲೇ ಸಿಕ್ಕಿದೆ. ಸಂಸ್ಕೃತದ ಸಹಸ್ರ ಕನ್ನಡದ ಕಲ್ಲಿನಲ್ಲಿ ಸಾಸಿರ ಆಗುತ್ತದೆ. ಹಕಾರ ಬಿದ್ದು ಸ್ವರ ದೀರ್ಘವಾಗಿದೆ. ಅದೇ ಹಾದಿಯಲ್ಲಿ ಗೋಸಹಸ್ರ ನಡೆದರೆ ಗೋಸಾಸ. ಹದಿನಾರು ಮಹಾದಾನಗಳಲ್ಲಿ ಗೋಸಹಸ್ರವೂ ಒಂದು. ಧಾರವಾಡ, ಹಾವೇರಿ ಕಡೆ ‘ಗೋಸಾಸ’ ಎಂಬ ಹೆಸರಿನ ಕಲ್ಲುಗಳೇ ದೊರೆತಿವೆ. ಆಕಳ ಚಿತ್ರ ಬಿಡಿಸಿದವೂ ಅವುಗಳಲ್ಲಿವೆ. ಧ್ವನಿ ಬದಲಾದ ಹಾದಿ, ಶಾಸ್ತ್ರದ ಸಾಕ್ಷ್ಯ, ಕಲ್ಲಿನ ಚಿತ್ರ, ಮೂರೂ ಒಂದೇ ಕಡೆ ಬೆರಳು ತೋರಿದಾಗ ಊಹೆ ಅರ್ಥವಾಗಿ ನಿಲ್ಲುತ್ತದೆ. ಗೋಸಾಸಿ ಎಂದರೆ ಆ ದಾನ ಮಾಡಿದವನು.

ಧ್ವನಿಯ ಮಾತು ಬಂದಿದ್ದರಿಂದ ‘ಕಾಲಂ ಕರ್ಚಿ’ಯನ್ನು ಬಿಡಲಾರೆ. ಗುಡಿಯ ಆಚಾರ್ಯರಿಗೆ ಭೂಮಿ ಕೊಡುವಾಗ ಅವರ ‘ಕಾಲಂ ಕರ್ಚಿ ಧಾರಾಪೂರ್ವಕಂ ಮಾಡಿ’ ಎಂದು ಸಾಲುಗಟ್ಟಲೆ ಕಲ್ಲುಗಳು ಹೇಳುತ್ತವೆ. ‘ಕಚ್ಚಿ’ ಎಂದು ಓದಿ ಗಾಬರಿಯಾದವರನ್ನು ನಾನು ಬಲ್ಲೆ. ಪರಿಹಾರ ಪಕ್ಕದ ಕಲ್ಲಿನಲ್ಲಿದೆ: ಅದೇ ಜಾಗದಲ್ಲಿ ಕೆಲವು ಶಾಸನಗಳು ‘ಪಾದಪ್ರಕ್ಷಾಳನಂ ಗೆಯ್ದು’ ಎನ್ನುತ್ತವೆ. ಅಚ್ಚು ಒಂದೇ, ಶಬ್ದ ಬೇರೆ. ಆದ್ದರಿಂದ ಕರ್ಚು ಎಂದರೆ ತೊಳೆ. ಮೂಲದಲ್ಲಿ ಅದು ೞಕಾರ ಇದ್ದ ‘ಕೞ್ಚು’, ತಮಿಳಿನ ‘ಕಳುವು’ ಅದರ ನೆಂಟ. ೞಕಾರ ಕಳೆದುಹೋಗುತ್ತ ಕತ್ತೆಯ ಹಳೆಯ ರೂಪ ‘ಕೞ್ತೆ’ ಮೊದಲು ಕರ್ತೆ, ಆಮೇಲೆ ಕತ್ತೆ ಆಯಿತು. ಎಪ್ಪತ್ತೂ ಹೀಗೆಯೇ ಬಂತು. ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ೞಕಾರದ ಶಬ್ದಗಳನ್ನು ಬೇರೆಯಾಗಿ ಪಟ್ಟಿ ಮಾಡಬೇಕಾಗಿ ಬಂದದ್ದೂ, ಅವನ ಕಾಲಕ್ಕೆ ಜನರ ಬಾಯಲ್ಲಿ ಅವು ಕಲಸಿಹೋಗಿದ್ದರಿಂದಲೇ.

ಇನ್ನೊಂದು ಬಲೆ ‘ಕೆಯ್ಯಂ ಬಿಟ್ಟರ್’. ಇವತ್ತಿನ ಕಿವಿಗೆ ಕೈಬಿಟ್ಟರು, ಅಂದರೆ ನಡುನೀರಿನಲ್ಲಿ ತೊರೆದರು. ಆದರೆ ಅದರ ಹಿಂದೆ ‘ಮತ್ತರು’ ಇದ್ದರೆ ತಡೆದು ನಿಲ್ಲಬೇಕು. ಮತ್ತರು ಭೂಮಿಯ ಅಳತೆ. ಹಾಗಾದರೆ ಕೆಯ್ ಎಂದರೆ ಹೊಲ, ಬಿಡುವುದು ಎಂದರೆ ದತ್ತಿ ಕೊಡುವುದು. ಅಳೆದದ್ದು ‘ಗಳೆ’ಯಿಂದ. ನಮ್ಮ ಸೀಮೆಯ ರೈತ ಗಳೆ ಹೊಡೆಯುವುದು ಎಂದರೆ ನೇಗಿಲು ಹೂಡುವುದು ಎಂದುಕೊಳ್ಳುತ್ತಾನೆ. ಶಾಸನದ ಗಳೆ ಅಳೆಯುವ ಕೋಲು. ಊರಿನ ಬಾಯಿ ಕೆಲವೊಮ್ಮೆ ಹೀಗೆ ದಾರಿ ತಪ್ಪಿಸುವುದೂ ಉಂಟು. ‘ಅಳೆದು’ ಎಂಬ ಕ್ರಿಯಾಪದ ಹತ್ತಿರದಲ್ಲಿದೆಯೇ ಎಂದು ನೋಡಿಯೇ ಒಪ್ಪಬೇಕು.

ಇಷ್ಟೆಲ್ಲ ಮಾಡಲು ಒಂದು ಕಲ್ಲು ಸಾಲದು. ಫ್ಲೀಟ್ ಈ ಸೀಮೆಯ ಶಾಸನಗಳನ್ನು ಓದಿ ಅಚ್ಚು ಮಾಡಿಸಿದರು, ಕಿಟೆಲ್ 1894ರಲ್ಲಿ ನಿಘಂಟು ಕೊಟ್ಟರು, 1939ರಲ್ಲಿ ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆ ಹುಟ್ಟಿತು, ಕಲಬುರ್ಗಿಯವರು ಧಾರವಾಡ ಜಿಲ್ಲೆಯ ಶಾಸನಸೂಚಿ ಸಿದ್ಧಪಡಿಸಿದರು. ಒಂದು ಶಬ್ದ ಎಲ್ಲೆಲ್ಲಿ, ಯಾರ ಪಕ್ಕದಲ್ಲಿ ಬಂದಿದೆ ಎಂದು ಹುಡುಕಲು ಇವರ ದುಡಿಮೆ ಬೇಕೇ ಬೇಕು. ಒಂದೇ ಸಲ ಬಂದ ಶಬ್ದಕ್ಕೆ ಸಂದರ್ಭ ಬಹಳ ಸಲ ಮನೆತನವನ್ನು ಹೇಳುತ್ತದೆ, ಮುಖವನ್ನು ತೋರುವುದಿಲ್ಲ. ‘ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ’ ಎಂದು ಸುಂಕಗಳ ಸಾಲು ಬಂದಾಗ ಹೆಜ್ಜುಂಕ ಹಿರಿದಾದ ಸುಂಕ ಎಂದು ಬಿಡಿಸಬಹುದು. ಉಳಿದೆರಡೂ ಸುಂಕಗಳೇ ಎಂಬುದು ಸಾಲಿನಿಂದ ಖಚಿತ. ಯಾವ ಸರಕಿನ ಮೇಲೆ, ಯಾರ ಕೈಯಿಂದ ಎಂಬುದಕ್ಕೆ ಮಾತ್ರ ಎತ್ತಿನ ಹೇರು, ಅಡಕೆ, ಮೆಣಸು ಎಂದು ಸರಕನ್ನೂ ಹೆಸರಿಸಿದ ಶಾಸನಗಳನ್ನು ಬಿಡಿಬಿಡಿಯಾಗಿ ತೆರೆದು, ಬಿಲ್ಕೊಡೆಯ ಎಡಬಲದಲ್ಲಿ ಯಾರಿದ್ದಾರೆಂದು ಬರೆದುಕೊಳ್ಳಬೇಕು. ಅಲ್ಲಿಯವರೆಗೆ ಅರ್ಥದ ಮುಂದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ ಬಿಡುವುದೇ ಪ್ರಾಮಾಣಿಕ ಕೆಲಸ.