ಮಡಿಕೆ ಕತ್ತಿನ ಕಡೆಗೆ

ನಮ್ಮ ಮನೆಯ ಬೀರುವಿನ ಕೆಳಗಿನ ಅರೆಯಲ್ಲಿ ನಾಲ್ಕು ಹತ್ತಿಯ ಹೊದಿಕೆಗಳಿವೆ. ಪುಣೆಯ ಡಿಸೆಂಬರ್ ಚಳಿಗೆ ನೆಂಟರು ಬಂದು ಹೊದೆಯಲು ಸಾಲದೆ ಹೋದಾಗಲೂ ಅವುಗಳನ್ನು ತೆಗೆದುಕೊಡಲು ನನಗೆ ಮನಸ್ಸಾಗುವುದಿಲ್ಲ. ಒಮ್ಮೆ ಯಾರಾದರೂ ಹೊದ್ದು ಮಲಗಿದರೆ ಅವುಗಳ ಮೈ ಸಡಿಲಾಗುತ್ತದೆ, ಮಡಿಕೆ ಗಟ್ಟಿಯಾಗಿ ಕೂರುವುದಿಲ್ಲ. ನಾನು ಇಪ್ಪತ್ತೈದು ವರ್ಷಗಳಿಂದ ಬೆಳಗ್ಗೆ ಸರ್ವಾಂಗಾಸನ ಮಾಡುವುದು ಅವುಗಳ ಮೇಲೆ.

ಹೊದಿಕೆ ಮಡಿಸುವುದನ್ನು ನಾನು ಕಲಿತದ್ದು ಶಿವಾಜಿನಗರದ ಮಾಡೆಲ್ ಕಾಲೊನಿಯ ರಮಾಮಣಿ ಅಯ್ಯಂಗಾರ್ ಸ್ಮಾರಕ ಯೋಗ ಸಂಸ್ಥೆಯಲ್ಲಿ. ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದವಳು ನಾನು. ಬ್ಯಾಂಕಿನ ಕೆಲಸ, ದಿನವಿಡೀ ತಗ್ಗಿಸಿದ ತಲೆ. ಕತ್ತಿನ ನೋವು ಭುಜಕ್ಕಿಳಿದಾಗ ಯಾರೋ ಅಲ್ಲಿಗೆ ಹೋಗು ಅಂದರು. ನಾನು ಸೇರುವ ಹೊತ್ತಿಗೆ ಬಿ.ಕೆ.ಎಸ್. ಅಯ್ಯಂಗಾರರು ನಿವೃತ್ತರಾಗಿ ಹದಿನೈದು ವರ್ಷವಾಗಿತ್ತು. 1984ರಲ್ಲೇ ಅವರು ತರಗತಿಗಳನ್ನು ಮಗಳು ಗೀತಾ ಮತ್ತು ಮಗ ಪ್ರಶಾಂತರಿಗೆ ಒಪ್ಪಿಸಿದ್ದರು.

ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್. ಆ ಬೆಳ್ಳೂರು ನಮ್ಮ ಕೋಲಾರ ಜಿಲ್ಲೆಯದು. 1918ರ ಡಿಸೆಂಬರ್ 14ರಂದು, ಇನ್‌ಫ್ಲುಯೆಂಜಾ ಊರೂರನ್ನು ನುಂಗುತ್ತಿದ್ದ ಹೊತ್ತಿನಲ್ಲಿ ಹುಟ್ಟಿದ ಮಗು. ತಂದೆ ಶಾಲಾ ಮಾಸ್ತರರು. ಮಗನಿಗೆ ಒಂಬತ್ತು ವರ್ಷವಾದಾಗ ತೀರಿಕೊಂಡರು. ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲವೂ ಆ ಹುಡುಗನನ್ನು ಒಂದಾದ ಮೇಲೊಂದು ಹಿಡಿದವು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಭಾವ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಅವನನ್ನು ಕರೆಸಿಕೊಂಡರು. 1937ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಆರು ತಿಂಗಳು ಪಾಠ ಮಾಡಿ ಬಾ ಎಂದು ಕಳಿಸಿದರು. ಬೆಳಗಾವಿಯಲ್ಲಿ ಪ್ರದರ್ಶನ ನೋಡಿದ್ದ ಡಾ. ವಿ.ಬಿ. ಗೋಖಲೆಯವರು ಕೇಳಿಕೊಂಡದ್ದರಿಂದ ಆದದ್ದು ಇದು. ಹೋದ ಹುಡುಗ ಮರಳಲಿಲ್ಲ. ಮರಾಠಿ ಬಾರದು, ಇಂಗ್ಲಿಷ್ ಅರೆಬರೆ, ಕಲಿಯಲು ಬಂದವರೆಲ್ಲ ತನಗಿಂತ ಗಟ್ಟಿಮುಟ್ಟಾದ ಕಾಲೇಜು ಹುಡುಗರು. ಹೊಟ್ಟೆ ತುಂಬ ಊಟವಿಲ್ಲದ ದಿನಗಳೂ ಇದ್ದವು. ನಮ್ಮೂರ ಕಡೆಯಿಂದ ಪುಣೆಗೆ ಬಂದು ಮನೆ ಮಾಡಿಕೊಂಡ ಯಾರಿಗೇ ಆಗಲಿ ಆ ಮೊದಲ ವರ್ಷಗಳ ಒಂಟಿತನ ವಿವರಿಸಬೇಕಾಗಿಲ್ಲ.

ಇನ್ನು ಆ ಹೊದಿಕೆ. ಅದನ್ನು ಪೂರ್ತಿ ಬಿಡಿಸಿ, ಮೂರು ಸಲ ಅರ್ಧರ್ಧ ಮಡಿಸಬೇಕು. ಸುಮಾರು ಎರಡಡಿ ಉದ್ದಗಲದ ಚೌಕ ಬರುತ್ತದೆ. ಅದರ ನಾಲ್ಕು ಬದಿಗಳಲ್ಲಿ ಒಂದು ಮಾತ್ರ ಒಳಗೊಂದು ಪದರವೂ ಇಣುಕದೆ ದುಂಡಗೆ, ನುಣ್ಣಗೆ ಇರುತ್ತದೆ. ಕೊನೆಯ ಮಡಿಕೆ ಬಿದ್ದ ಬದಿ ಅದು. ಅದು ಕತ್ತಿನ ಕಡೆಗೆ ಬರಬೇಕು. ಗೊಂಡೆ ಬಿಟ್ಟ ಅಂಚು, ಏಣುಗಳು ಬೇರೆ ಕಡೆಗೆ. ಹಾಗೆ ಮೂರೋ ನಾಲ್ಕೋ ಹೊದಿಕೆಗಳನ್ನು ದುಂಡು ಬದಿಗಳು ಒಂದರ ಮೇಲೊಂದು ಗೋಡೆಯಂತೆ ನೇರ ನಿಲ್ಲುವ ಹಾಗೆ ಪೇರಿಸಬೇಕು. ನಡುವೆ ಒಂದು ಸುಕ್ಕು ಉಳಿದರೂ ಮೇಲೆ ನಿಂತಾಗ ಒಂದು ಭುಜ ತಗ್ಗುತ್ತದೆ. ಅಂಗೈಯಿಂದ ಸವರಿದರೆ ಸುಕ್ಕು ಸಿಕ್ಕುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಈ ಸವರುವ ಕೆಲಸ ನನಗೆ ತುಂಬ ಇಷ್ಟ. ರೊಟ್ಟಿ ಬಡಿಯುವ ಮುನ್ನ ಹಿಟ್ಟನ್ನು ನಾದುವಾಗಿನ ಸುಖವೇ ಇಲ್ಲೂ ಸಿಗುತ್ತದೆ.

ಆಮೇಲೆ ಆ ದಿಣ್ಣೆಯ ಮೇಲೆ ಮಲಗಬೇಕು. ಭುಜದ ತುದಿಗಳು ದುಂಡು ಅಂಚಿನಿಂದ ಎರಡು ಅಂಗುಲ ಒಳಗೆ, ಕತ್ತು ಅಂಚಿನಾಚೆ, ತಲೆ ನೆಲದ ಮೇಲೆ. ತಲೆ ತಗ್ಗಿನಲ್ಲಿ, ಭುಜ ಎತ್ತರದಲ್ಲಿ. ಈ ಮೂರು ಅಂಗುಲದ ಎತ್ತರ ಯಾಕೆ ಬೇಕು ಅನ್ನುವುದನ್ನು ಮೈಯೇ ಹೇಳುತ್ತದೆ. ಬರೀ ನೆಲದ ಮೇಲೆ ಭುಜದಿಂದ ಮೇಲಕ್ಕೆ ನೆಟ್ಟಗೆ ನಿಲ್ಲಬೇಕಾದರೆ ಕತ್ತು ಮೈಗೆ ಲಂಬವಾಗಿ, ಪೂರ್ತಿ ಲಂಬಕೋನದಷ್ಟು ಬಾಗಬೇಕು. ನಮ್ಮಲ್ಲಿ ಹೆಚ್ಚಿನವರ ಕತ್ತು ತನ್ನಷ್ಟಕ್ಕೆ ಬಾಗುವುದು ಅದರ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಉಳಿದದ್ದನ್ನು ಮೈಭಾರ ಒತ್ತಿ ಬಾಗಿಸುತ್ತದೆ. ಭುಜದ ಕೆಳಗೆ ಎತ್ತರ ಕೊಟ್ಟರೆ ತಲೆ ಹಿಂದಕ್ಕೆ ಇಳಿಯುತ್ತದೆ, ಕತ್ತಿಗೂ ಎದೆಗೂ ನಡುವಿನ ಕೋನ ತೆರೆದುಕೊಳ್ಳುತ್ತದೆ, ಭಾರ ಭುಜಕ್ಕೂ ತೋಳಿಗೂ ಹೋಗುತ್ತದೆ.

1966ರಲ್ಲಿ ಹೊರಬಂದು ಅಯ್ಯಂಗಾರರನ್ನು ಜಗತ್ತಿಗೆ ಪರಿಚಯಿಸಿದ ‘ಲೈಟ್ ಆನ್ ಯೋಗ’ ಪುಸ್ತಕವನ್ನು ಬಿಡಿಸಿ ನೋಡಿ. ಇನ್ನೂರು ಆಸನಗಳ, ಸುಮಾರು ಆರುನೂರು ಫೋಟೊಗಳ ಆ ಪುಸ್ತಕದಲ್ಲಿ ಸರ್ವಾಂಗಾಸನಕ್ಕೆ ಹೊದಿಕೆಗಳ ದಿಣ್ಣೆ ಇಲ್ಲ. ಅವರು ಜಮಖಾನೆಯ ಮೇಲೆ ಹಾಗೇ ನಿಂತಿದ್ದಾರೆ. ಅವರ ಮೈಗೆ ಅದು ಸಾಕಾಗಿತ್ತು. ತಮ್ಮೆದುರು ಬಂದ ನೂರಾರು ಗಡಸು ಕತ್ತುಗಳಿಗೆ ಅದು ಸಾಲದು ಎಂದು ಕಂಡುಕೊಂಡು ತಾವೇ ಬರೆದದ್ದನ್ನು ಪಾಠದಲ್ಲಿ ಬದಲಾಯಿಸಿದರು. ಹೆಸರು ಮಾಡಿದ ಪುಸ್ತಕವೊಂದನ್ನು ಬರೆದ ಮೇಲೂ ಶಿಷ್ಯರ ಕತ್ತನ್ನು ನೋಡಿ ಪಾಠ ತಿದ್ದಿಕೊಳ್ಳುವ ಮೇಷ್ಟರು ಎಷ್ಟು ಜನ ಸಿಕ್ಕಾರು? ಇಟ್ಟಿಗೆ, ಕುರ್ಚಿ, ಪಟ್ಟಿ, ಗೋಡೆಯ ಹಗ್ಗ, ಮರದ ಬೆಂಚು ಎಲ್ಲವೂ ಹೀಗೆ ಒಬ್ಬೊಬ್ಬ ಅಶಕ್ತನ ಸಲುವಾಗಿ ತರಗತಿಯ ಒಳಗೆ ಬಂದವು. ಕಾಯಿಲೆಯ ಮೈಯಲ್ಲಿ ಬೆಳೆದವರಿಗೆ ಮೈಯ ಕಷ್ಟ ಹೊಸದಲ್ಲವಲ್ಲ.

ನನ್ನ ಮೊದಲ ಸರ್ವಾಂಗಾಸನ ಒಂದು ನಿಮಿಷವೂ ನಿಲ್ಲಲಿಲ್ಲ. ಮೊಣಕೈಗಳು ಅತ್ತಿತ್ತ ಜಾರಿದವು, ಎದೆ ಕುಸಿಯಿತು, ಗಂಟಲು ಬಿಗಿದು ಕೆಮ್ಮು ಬಂತು. ಮುಖಕ್ಕೆ ರಕ್ತ ಏರಿ ಕಣ್ಣು ತುಂಬಿದ ಹಾಗಾಯಿತು. ಪಕ್ಕದ ಚಾಪೆಯಲ್ಲಿ ನಮ್ಮ ಕಡೆಯವರೇ ಒಬ್ಬ ಅಕ್ಕ ಇದ್ದರು. ಹಲವು ವರ್ಷಗಳಿಂದ ಬರುತ್ತಿದ್ದವರು. ನಾನು ಇಳಿದು ಕೂತ ಮೇಲೆ ಕಿವಿಯ ಹತ್ತಿರ ಬಾಗಿದರು.

“ಯಾಕ್ ತಂಗಿ, ಕುತ್ತಿಗಿ ಮ್ಯಾಲೆ ನಿಂತಿ? ಭುಜದ ಮ್ಯಾಲೆ ನಿಲ್ಲಬೇಕವಾ.”

“ನನಗ ಗೊತ್ತಾಗೋದು ಹ್ಯಾಂಗ್ರಿ ಅಕ್ಕಾ?”

“ಉಗುಳು ನುಂಗಿ ನೋಡು. ನುಂಗಾಕ ಬರಲಿಲ್ಲಂದ್ರ ಇಳಿದುಬಿಡು. ಗದ್ದ ಎದಿಗೆ ತರಬ್ಯಾಡ, ಎದಿನ ಗದ್ದದ ಕಡೆ ತಾ.”

ಶಿಕ್ಷಕಿ ಬಂದು ಮೊಣಕೈಗಳ ಮೇಲ್ಭಾಗಕ್ಕೆ, ಭುಜದಗಲಕ್ಕೆ ಸರಿಯಾಗಿ ಪಟ್ಟಿ ಕಟ್ಟಿದರು. ಮೊಣಕೈ ಜಾರದಂತೆ ಹೊದಿಕೆಗಳ ಮೇಲೆ ಅಂಟುವ ಚಾಪೆ ಮಡಿಸಿ ಹಾಸಿದರು. ಅಂಗೈಗಳನ್ನು ಸೊಂಟದಿಂದ ಬೆನ್ನಿನ ಮೇಲಕ್ಕೆ, ಹೆಗಲ ಮೂಳೆಗಳ ಕಡೆಗೆ ತಳ್ಳಿಸಿದರು. ನಾನು ಮತ್ತೆ ಏರಿದಾಗ ಅವರ ಬೆರಳು ನನ್ನ ಕತ್ತಿನ ಬುಡದ ಎಲುಬನ್ನು ಮುಟ್ಟಿತು. ಅದು ನೆಲಕ್ಕೆ ಒತ್ತಿಕೊಂಡಿದೆಯೋ, ಒಳಗೆ ಹಗುರವಾಗಿದೆಯೋ ನೋಡಿದರು. ಹಗುರವಾಗಿತ್ತು. ಕಿವಿಯೊಳಗೆ ಮೌನ ತುಂಬಿದ ಹಾಗೆ, ಗಂಟಲಿನ ತಂತಿಯನ್ನು ಯಾರೋ ಸಡಿಲಿಸಿದ ಹಾಗೆ. ಎರಡು ನಿಮಿಷ ನಿಂತೆ. ಎರಡು ನಿಮಿಷ ಐದಾಗಲು ಒಂದು ವರ್ಷ ಬೇಕಾಯಿತು. ಈಗ ಹತ್ತು ನಿಮಿಷ ನಿಲ್ಲುತ್ತೇನೆ, ಕೆಲವು ದಿನ ಐದಕ್ಕೇ ಇಳಿಯುತ್ತೇನೆ.

ನಿವೃತ್ತರಾದ ಗುರೂಜಿ ಅದೇ ಸಭಾಂಗಣದಲ್ಲೇ ಇರುತ್ತಿದ್ದರು. ಬೆಳಗಿನ ಹೊತ್ತು ಅಭ್ಯಾಸಕ್ಕೆ ಬಂದವರ ನಡುವೆ ಅವರೂ ಅಭ್ಯಾಸ ಮಾಡುತ್ತಿದ್ದರು. ಮಧ್ಯಾಹ್ನ ನೆಲಮಾಳಿಗೆಯ ಗ್ರಂಥಾಲಯದಲ್ಲಿ ಓದು, ಪತ್ರ. ಅವರನ್ನು ನಾನು ಮೊದಲು ಕಂಡದ್ದು ತಲೆಕೆಳಗಾಗಿ. ಮರದ ಬಾಗಿದ ಬೆಂಚಿನ ಮೇಲೆ ಬೆನ್ನು ಬಾಗಿಸಿ ಮಲಗಿದ್ದರು. ಕಣ್ಣು ಮುಚ್ಚಿತ್ತು, ಬಿಳಿ ಕೂದಲು ನೆಲದತ್ತ ಚೆಲ್ಲಿತ್ತು. ನನ್ನ ಅರ್ಧ ಗಂಟೆಯ ಅಭ್ಯಾಸ ಮುಗಿದರೂ ಅವರು ಅಲ್ಲೇ ಇದ್ದರು. ಉಸಿರು ಒಂದು ಸಲವೂ ಏರುಪೇರಾಗಲಿಲ್ಲ. ಎಂಬತ್ತು ದಾಟಿದ ಮನುಷ್ಯ. 1979ರಲ್ಲಿ ಮೂರು ತಿಂಗಳ ಅಂತರದಲ್ಲಿ ಎರಡು ಸ್ಕೂಟರ್ ಅಪಘಾತವಾಗಿ ಬೆನ್ನು, ಭುಜ, ಮಂಡಿ ಎಲ್ಲ ಪೆಟ್ಟು ತಿಂದು, ಮೊದಲಿನ ಅಕ್ಷರದಿಂದ ಅಭ್ಯಾಸ ಶುರುಮಾಡಿದವರು ಅವರೇ ಎಂದು ಆಮೇಲೆ ತಿಳಿಯಿತು. ಪುಸ್ತಕದ ಫೋಟೊಗಳಲ್ಲಿ ಸುಲಭವಾಗಿ ಮಾಡಿದ್ದನ್ನು ಅರವತ್ತರ ಹೊಸ್ತಿಲಲ್ಲಿ ಮತ್ತೆ ಕಲಿಯಬೇಕಾಗಿ ಬಂತು. ಅವರ ಬೆಂಚು, ಕುರ್ಚಿ, ಹಗ್ಗಗಳ ಅರ್ಥ ನನಗೆ ಪೂರ್ತಿ ಹೊಳೆದದ್ದು ಆಗ. ನಮಗೆ ಕೊಟ್ಟ ಆಸರೆಯನ್ನು ಅವರೂ ತಮ್ಮ ಮೈಗೆ ತೆಗೆದುಕೊಂಡಿದ್ದರು.

1950ರ ದಶಕದಲ್ಲಿ ಯಹೂದಿ ಮೆನುಹಿನ್ ಎಂಬ ಪಿಟೀಲು ವಾದಕ ಮುಂಬೈಯಲ್ಲಿ ಭೇಟಿಯಾಗಿ ಅವರನ್ನು ಯುರೋಪಿಗೆ ಕರೆದೊಯ್ದದ್ದು, ಬೆಲ್ಜಿಯಂನ ರಾಣಿ ಎಂಬತ್ತರ ವಯಸ್ಸಿನಲ್ಲಿ ಅವರಿಂದ ಶೀರ್ಷಾಸನ ಕಲಿತದ್ದು, ಇವೆಲ್ಲ ಊರೆಲ್ಲ ಬಲ್ಲ ಕಥೆ. ನನಗೆ ಅವಕ್ಕಿಂತ ಹತ್ತಿರವಾದದ್ದು ಆ ಬೆಂಚಿನ ಮೇಲಿನ ಮೌನ. ತರಗತಿ ನಡೆಸುವುದನ್ನು ಬಿಟ್ಟ ಮೇಷ್ಟರು ತಮ್ಮ ಪಾಡಿಗೆ ತಮ್ಮ ಕೆಲಸ ಮಾಡುತ್ತಿದ್ದರೆ ಸುತ್ತಲಿನವರು ಅದನ್ನೇ ನೋಡಿ ಕಲಿಯುತ್ತಾರೆ. ಮೊಮ್ಮಗಳು ಅಭಿಜಾತಾ ತರಗತಿ ನಡೆಸುವಾಗ ಅವರು ತಮ್ಮ ಮೂಲೆಯಿಂದಲೇ ಪಾಠ ಹೇಳಿಕೊಡುತ್ತಿದ್ದರು. ಅವರ ಮಾತನ್ನು ಆಕೆ ತರಗತಿಗೆ ತಲುಪಿಸುತ್ತಿದ್ದಳು. ಮೂವತ್ತು ವರ್ಷ ನಡೆದ ನಿವೃತ್ತಿ ಅದು.

ಒಂದು ಮಾತನ್ನು ಹೇಳಿಬಿಡಬೇಕು. ಹೊದಿಕೆ ಎಷ್ಟೇ ಚೆನ್ನಾಗಿ ಮಡಿಸಿದರೂ ಸರ್ವಾಂಗಾಸನ ಎಲ್ಲರಿಗೂ ಅಲ್ಲ, ಎಲ್ಲ ದಿನಕ್ಕೂ ಅಲ್ಲ. ಮುಟ್ಟಿನ ದಿನಗಳಲ್ಲಿ ಸಂಸ್ಥೆಯಲ್ಲಿ ಅದನ್ನು ಮಾಡಿಸುವುದಿಲ್ಲ. ರಕ್ತದೊತ್ತಡ ಹೆಚ್ಚಿರುವವರು, ಕಣ್ಣಿನ ಒತ್ತಡ ಅಥವಾ ಅಕ್ಷಿಪಟಲದ ತೊಂದರೆ ಇರುವವರು, ಕತ್ತಿಗೆ ಪೆಟ್ಟಾದವರು ಮನೆಯಲ್ಲಿ ಒಬ್ಬರೇ ಇದನ್ನು ಪ್ರಯತ್ನಿಸಬಾರದು. ಮೇಲೆ ನಿಂತಾಗ ಕೈಬೆರಳಿಗೆ ಜೋಮು ಹಿಡಿದರೆ ಅದು ಹಾಗೇ ಹೋಗಲಿ ಎಂದು ಕಾಯುವ ನೋವಲ್ಲ, ಕೂಡಲೇ ಇಳಿಯಬೇಕಾದ ಸೂಚನೆ. ಇಳಿದ ಮೇಲೂ ಕತ್ತನ್ನು ಅತ್ತಿತ್ತ ತಿರುಗಿಸದೆ ಸ್ವಲ್ಪ ಹೊತ್ತು ಬೆನ್ನ ಮೇಲೆ ಮಲಗಿರಬೇಕು.

2014ರ ಆಗಸ್ಟ್ 20ರಂದು ತಮ್ಮ ಈ ಊರಿನಲ್ಲೇ, 95ನೇ ವಯಸ್ಸಿನಲ್ಲಿ ಗುರೂಜಿ ತೀರಿಕೊಂಡರು. ಅವತ್ತು ಬ್ಯಾಂಕಿಗೆ ಹೋಗಲು ಮನಸ್ಸಾಗಲಿಲ್ಲ. ಸುದ್ದಿ ಕೇಳಿದ ಮೇಲೆ ಹೊದಿಕೆಗಳನ್ನು ತೆಗೆದು ಬಿಡಿಸಿದೆ, ಒಂದೊಂದನ್ನೂ ಕೊಡವಿ ಮತ್ತೆ ಮಡಿಸಿದೆ, ಏರಿ ನಿಲ್ಲಲಿಲ್ಲ. ಕಳೆದ ವಾರ ನನ್ನ ಸೊಸೆ ಕಲಿಯುತ್ತೇನೆಂದು ಬಂದಳು. ಮೊದಲ ದಿನ ಆಸನ ಹೇಳಿಕೊಡಲಿಲ್ಲ. ನಾಲ್ಕು ಹೊದಿಕೆ ಅವಳ ಮುಂದಿಟ್ಟು ಮಡಿಸಲು ಹೇಳಿದೆ. ಮೂರನೆಯದರಲ್ಲಿ ಸುಕ್ಕು ಉಳಿದಿತ್ತು. ಬಿಡಿಸಿ ಮತ್ತೆ ಮಡಿಸಿದಳು.