ಕರು ಕುಡಿದ ಕೊಬ್ಬು

ನಮ್ಮೂರು ಮಾಗಡಿ ತಾಲ್ಲೂಕಿನ ಗುಡೇಮಾರನಹಳ್ಳಿ. ಮನೆಯಲ್ಲಿ ಕರೆಯುವ ಹಸು ಒಂದೇ. ಸೀಮೆ ಹಸು, ಬೆಳಿಗ್ಗೆ ಎಂಟು ಲೀಟರ್, ಸಂಜೆ ಆರು ಲೀಟರ್ ಕೊಡುತ್ತದೆ. ಅದನ್ನು ಕರೆಯುವುದು ಅಮ್ಮ, ಕ್ಯಾನನ್ನು ಡೈರಿಗೆ ಕೊಂಡೊಯ್ದು ಹಾಕುವುದು ನಾನು. ನನ್ನ ಕಾಲೇಜಿನ ಬಸ್ ಪಾಸು, ನೋಟ್ ಬುಕ್ಕು, ಪರೀಕ್ಷೆ ಶುಲ್ಕ ಎಲ್ಲವೂ ಹೆಚ್ಚುಕಡಿಮೆ ಆ ಕ್ಯಾನಿನಿಂದಲೇ ಬಂದದ್ದು.

ಕಳೆದ ವರ್ಷ ಅಕ್ಕನ ಬಾಣಂತನಕ್ಕೆಂದು ಅಮ್ಮ ಹದಿನೈದು ದಿನ ಊರಲ್ಲಿ ಇರಲಿಲ್ಲ. ಹಾಲು ಕರೆಯುವ ಕೆಲಸವೂ ನನಗೆ ಬಂತು. ಕರೆಯಲು ಬರುತ್ತಿತ್ತು, ಆದರೆ ದಿನಾ ಎರಡು ಹೊತ್ತು ಕರೆದು ಅಭ್ಯಾಸವಿರಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕಿದಾಗ ಚೀಟಿಯಲ್ಲಿ ಫ್ಯಾಟ್ 3.4 ಎಂದು ಬಂತು. ಅಮ್ಮ ಇದ್ದಾಗ 3.9ರ ಆಸುಪಾಸು ಇರುತ್ತಿತ್ತು. ಹಿಂದೆ ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ಚೀಟಿ ನೋಡಿ, “ಏನಪ್ಪಾ, ಅವ್ವ ಇಲ್ಲ ಅಂತ ನಲ್ಲಿ ತಿರುಗಿಸ್ದಾ?” ಎಂದರು. ಎಲ್ಲರೂ ನಕ್ಕರು. ತಮಾಷೆಗೇ ಹೇಳಿದ್ದು. ಆದರೆ ಹಾಲಿಗೆ ನೀರು ಹಾಕಿದರು ಎಂಬ ಮಾತು ಹಳ್ಳಿಯಲ್ಲಿ ತಮಾಷೆಯಾಗಿ ಹುಟ್ಟಿದರೂ ತಮಾಷೆಯಾಗಿ ಸಾಯುವುದಿಲ್ಲ. ರಾತ್ರಿ ಫೋನಿನಲ್ಲಿ ಅಮ್ಮನೂ, “ನೀರು ಗೀರು ಬಿತ್ತೇನೋ ಮಗ?” ಎಂದು ಕೇಳಿದಾಗ ನನಗೆ ಅಳು ಬರುವಂತಾಯಿತು. ನಾನು ಒಂದು ತೊಟ್ಟು ನೀರು ಹಾಕಿರಲಿಲ್ಲ. ಅದನ್ನು ತೋರಿಸುವುದು ಹೇಗೆ?

ತೋರಿಸುವ ದಾರಿ ಅದೇ ಚೀಟಿಯಲ್ಲಿತ್ತು. ಇಷ್ಟು ವರ್ಷ ನಾನು ಅದನ್ನು ಜೇಬಿಗೆ ತುರುಕುತ್ತಿದ್ದೆನೇ ಹೊರತು ಓದಿರಲಿಲ್ಲ.

ಡೈರಿ ಗೋಡೆಯ ಮೇಲಿನ ದರಪಟ್ಟಿ ನಮ್ಮ ಮಗ್ಗಿ ಕೋಷ್ಟಕದ ಹಾಗಿರುತ್ತದೆ. ಎಡಗಡೆ ಮೇಲಿನಿಂದ ಕೆಳಗೆ ಫ್ಯಾಟ್, ಅಂದರೆ ಹಾಲಿನಲ್ಲಿರುವ ಕೊಬ್ಬು. ಮೇಲ್ಗಡೆ ಅಡ್ಡಸಾಲಿನಲ್ಲಿ ಎಸ್‌ಎನ್‌ಎಫ್. ಎರಡೂ ಸಂಧಿಸುವ ಮನೆಯಲ್ಲಿ ಆ ಹಾಲಿಗೆ ಲೀಟರಿಗೆ ಎಷ್ಟು ರೂಪಾಯಿ ಎಂದಿರುತ್ತದೆ. ನಮ್ಮ ಕಡೆ ಹಸುವಿನ ಹಾಲಿಗೆ ಫ್ಯಾಟ್ 3.5, ಎಸ್‌ಎನ್‌ಎಫ್ 8.5 ಎಂಬುದೇ ಮಟ್ಟ. ಅದಕ್ಕಿಂತ ಮೇಲಿದ್ದರೆ ದರ ಏರುತ್ತದೆ, ಕೆಳಗಿದ್ದರೆ ಇಳಿಯುತ್ತದೆ.

ಎಸ್‌ಎನ್‌ಎಫ್ ಎಂದರೆ ಕೊಬ್ಬನ್ನು ಬಿಟ್ಟು ಹಾಲಿನಲ್ಲಿರುವ ಉಳಿದ ಘನ ಪದಾರ್ಥ. ಹಾಲನ್ನು ಕಾಯಿಸಿ ನೀರನ್ನೆಲ್ಲ ಆವಿ ಮಾಡಿ, ಕೊಬ್ಬನ್ನೂ ತೆಗೆದರೆ ಉಳಿಯುವ ಪುಡಿ ಎಂದುಕೊಳ್ಳಿ. ಅದರಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಪ್ರೋಟೀನು, ಸುಣ್ಣದಂತಹ ಖನಿಜಗಳು ಇರುತ್ತವೆ. ನೂರು ಗ್ರಾಂ ಹಾಲಿನಲ್ಲಿ ಮೂರೂವರೆ ಗ್ರಾಂ ಕೊಬ್ಬು, ಎಂಟೂವರೆ ಗ್ರಾಂ ಈ ಪುಡಿ, ಉಳಿದ 88 ಗ್ರಾಂ ನೀರು. ಪೇಟೆಯಲ್ಲಿರುವ ಗೆಳೆಯರು ದಿನಾ ಕೊಳ್ಳುವ ನಂದಿನಿಯ ನೀಲಿ ಪೊಟ್ಟಣದ ಹಾಲಿನಲ್ಲಿ ಕೊಬ್ಬು 3.0, ಎಸ್‌ಎನ್‌ಎಫ್ 8.5. ಅದನ್ನು ಪೊಟ್ಟಣದ ಮೇಲೆಯೇ ಓದಬಹುದು. ನಮ್ಮ ಕ್ಯಾನಿನಿಂದ ಹೊರಟ ಲೆಕ್ಕವೇ ನಿಮ್ಮ ಮನೆ ಬಾಗಿಲಿಗೆ ಬರುತ್ತದೆ.

ಹಾಲು ಒಂದೇ ಆಗಿರುವಾಗ ಎರಡು ಅಳತೆ ಯಾಕೆ ಎಂಬ ಪ್ರಶ್ನೆ ನನಗೆ ಬಂತು. ಉತ್ತರ ನಾವು ಓದುವ ಸಾಂದ್ರತೆಯ ಪಾಠದಲ್ಲೇ ಇದೆ. ಅಜ್ಜಿಯ ಕಾಲದಲ್ಲಿ ಲ್ಯಾಕ್ಟೋಮೀಟರ್ ಬಿಟ್ಟು “ಡಿಗ್ರಿ” ನೋಡುತ್ತಿದ್ದರು. ಡಿಗ್ರಿ 28 ಎಂದರೆ ಹಾಲಿನ ಸಾಂದ್ರತೆ 1.028, ನೀರಿಗಿಂತ ಸ್ವಲ್ಪ ಹೆಚ್ಚು. ನೀರು ಬೆರೆಸಿದರೆ ಡಿಗ್ರಿ ಇಳಿಯುತ್ತದೆ. ಆದರೆ ಕೊಬ್ಬು ನೀರಿಗಿಂತ ಹಗುರ, ಅದರ ಸಾಂದ್ರತೆ ಸುಮಾರು 0.93. ಹಾಗಾಗಿ ಯಾರಾದರೂ ಮೇಲಿನ ಕೆನೆ ತೆಗೆದರೆ ಹಾಲು ಇನ್ನೂ ಭಾರವಾಗಿ ಡಿಗ್ರಿ ಏರುತ್ತದೆ. ಆಮೇಲೆ ಅಳತೆ ನೋಡಿ ನೀರು ಬೆರೆಸಿದರೆ ಡಿಗ್ರಿ ಮತ್ತೆ 28ಕ್ಕೇ ಬಂದು ನಿಲ್ಲುತ್ತದೆ. ಕೆನೆಯೂ ಹೋಯಿತು, ನೀರೂ ಸೇರಿತು, ಲ್ಯಾಕ್ಟೋಮೀಟರ್ ಮಾತ್ರ “ಎಲ್ಲ ಸರಿ” ಎನ್ನುತ್ತದೆ. ಫ್ಯಾಟನ್ನೂ ಅಳೆದಾಗ ಮಾತ್ರ ಈ ಆಟ ಬಯಲಾಗುತ್ತದೆ. ಫ್ಯಾಟ್ ಒಂದನ್ನೇ ನೋಡಿದರೂ ಸಾಲದು. ಅದು ಕಡಿಮೆಯಾದದ್ದು ನೀರಿನಿಂದಲೋ ಬೇರೆ ಕಾರಣದಿಂದಲೋ ಗೊತ್ತಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಓದಬೇಕು.

ನೀರಿನ ಸ್ವಭಾವ ಇಷ್ಟೇ: ಅದು ಯಾರಿಗೂ ಪಕ್ಷಪಾತ ಮಾಡುವುದಿಲ್ಲ. ಕೊಬ್ಬನ್ನೂ ಎಸ್‌ಎನ್‌ಎಫನ್ನೂ ಒಂದೇ ಪ್ರಮಾಣದಲ್ಲಿ ತೆಳು ಮಾಡುತ್ತದೆ. ಆ ರಾತ್ರಿ ಚೀಟಿಯ ಹಿಂಭಾಗದಲ್ಲೇ ಲೆಕ್ಕ ಹಾಕಿದೆ. ನೀರು ಬೆರೆತು ಫ್ಯಾಟ್ 3.9ರಿಂದ 3.4ಕ್ಕೆ ಇಳಿದಿದ್ದರೆ, 3.4ನ್ನು 3.9ರಿಂದ ಭಾಗಿಸಿದಾಗ 0.87 ಬರುತ್ತದೆ. ಅಂದರೆ ಕ್ಯಾನಿನಲ್ಲಿ ನೂರಕ್ಕೆ 87 ಭಾಗ ಹಾಲು, 13 ಭಾಗ ನೀರು. ಆಗ 8.5 ಇದ್ದ ಎಸ್‌ಎನ್‌ಎಫ್ ಕೂಡ 0.87 ಪಟ್ಟಾಗಿ 7.4ಕ್ಕೆ ಬೀಳಬೇಕಿತ್ತು. ಚೀಟಿ ತಿರುಗಿಸಿ ನೋಡಿದೆ. ಎಸ್‌ಎನ್‌ಎಫ್ 8.5 ಎಂದೇ ಇತ್ತು. ಒಂದು ಪಾಯಿಂಟೂ ಕದಲಿರಲಿಲ್ಲ. ನನ್ನ ಹಾಲಿಗೆ ನೀರು ಬಿದ್ದಿರಲಿಲ್ಲ ಎಂಬುದಕ್ಕೆ ಯಂತ್ರವೇ ಸಾಕ್ಷಿ ಬರೆದುಕೊಟ್ಟಿತ್ತು.

ಹಾಗಾದರೆ ಕೊಬ್ಬು ಎಲ್ಲಿ ಹೋಯಿತು? ಚೀಟಿಯಲ್ಲಿ ಇನ್ನೊಂದು ಅಂಕಿಯೂ ಬದಲಾಗಿತ್ತು. ಎಂಟು ಲೀಟರ್ ಇರಬೇಕಾದ ಹಾಲು ಏಳೇ ಲೀಟರ್ ಇತ್ತು. ಹಸು ಹೊಸ ಕೈಗೆ ಹಾಲು ಕಡಿಮೆ ಕೊಟ್ಟಿದೆ ಎಂದುಕೊಂಡಿದ್ದೆ. ಮರುದಿನ ಅಮ್ಮನಿಗೆ ಫೋನ್ ಮಾಡಿ ನನ್ನ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಒಂದೇ ಮಾತು ಕೇಳಿದರು: “ಕೊನೇ ಹಾಲು ಕರೀತಿದ್ಯೋ, ಕರೂಗೆ ಬಿಡ್ತಿದ್ಯೋ?”

ಬಿಡುತ್ತಿದ್ದೆ. ಅರ್ಧ ಗಂಟೆ ಕರೆಯುವಷ್ಟರಲ್ಲಿ ಬೆರಳು ಸೋಲುತ್ತಿತ್ತು, ಬಸ್ಸಿನ ಹೊತ್ತೂ ಆಗುತ್ತಿತ್ತು. ಧಾರೆ ಸಣ್ಣದಾದ ಕೂಡಲೇ ಎದ್ದು ಕರುವನ್ನು ಬಿಟ್ಟುಬಿಡುತ್ತಿದ್ದೆ.

ಹಸು ಸೊರೆ ಬಿಟ್ಟಾಗ ಮೊದಲು ಬರುವ ಹಾಲು ತೆಳು. ಕೊಬ್ಬಿನ ಕಣಗಳು ಕೆಚ್ಚಲಿನ ಮೇಲ್ಭಾಗದ ಸಣ್ಣ ಚೀಲಗಳಲ್ಲಿ ಹಿಂದೆ ಉಳಿದು, ಕೊನೆಯ ಹಾಲಿನೊಂದಿಗೆ ಇಳಿಯುತ್ತವೆ. ಸಕ್ಕರೆ, ಪ್ರೋಟೀನುಗಳು ಹಾಗಲ್ಲ. ಅವು ಮೊದಲಿನಿಂದ ಕೊನೆಯವರೆಗೆ ಹೆಚ್ಚುಕಡಿಮೆ ಒಂದೇ ಸಮ. ಆದ್ದರಿಂದಲೇ ನನ್ನ ಫ್ಯಾಟ್ ಬಿದ್ದಿತ್ತು, ಎಸ್‌ಎನ್‌ಎಫ್ ನಿಂತಿತ್ತು.

ನಂಬಿಕೆ ಬರಲೆಂದು ಒಂದು ಬೆಳಿಗ್ಗೆ ಪರೀಕ್ಷೆ ಮಾಡಿದೆ. ಮೊದಲ ಅರ್ಧ ಲೀಟರನ್ನು ಒಂದು ಚೊಂಬಿಗೆ, ಕಟ್ಟಕಡೆಯ ಅರ್ಧ ಲೀಟರನ್ನು ಇನ್ನೊಂದು ಚೊಂಬಿಗೆ ಬೇರೆಯಾಗಿ ಕರೆದೆ. ಸಾಲು ಕರಗಿದ ಮೇಲೆ ಕಾರ್ಯದರ್ಶಿಗಳನ್ನು ಕೇಳಿಕೊಂಡೆ. ಅವರು ನಗುತ್ತಾ ಎರಡನ್ನೂ ಯಂತ್ರಕ್ಕೆ ಹಿಡಿದರು. ಮೊದಲ ಚೊಂಬಿನ ಫ್ಯಾಟ್ 1.7, ಎಸ್‌ಎನ್‌ಎಫ್ 8.7. ಕೊನೆಯದರ ಫ್ಯಾಟ್ 7.6, ಎಸ್‌ಎನ್‌ಎಫ್ 8.2. ಒಂದೇ ಹಸು, ಒಂದೇ ಬೆಳಗು, ಅರ್ಧ ಗಂಟೆಯ ಅಂತರ! ಕೊನೆಯ ಹಾಲಿನ ಎಸ್‌ಎನ್‌ಎಫ್ ಸ್ವಲ್ಪ ಕಡಿಮೆಯಾದದ್ದೂ ಸಹಜವೇ. ನೂರು ಗ್ರಾಮಿನಲ್ಲಿ ಕೊಬ್ಬು ಹೆಚ್ಚು ಜಾಗ ಹಿಡಿದರೆ ಉಳಿದವುಗಳಿಗೆ ಜಾಗ ಕಡಿಮೆಯಾಗುತ್ತದೆ.

ಈಗ ನಷ್ಟದ ಲೆಕ್ಕ. ಒಂದು ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಎಂಟು ಲೀಟರಿಗೆ 3.9ರಂತೆ 321 ಗ್ರಾಂ ಕೊಬ್ಬು. ನಾನು ಹಾಕಿದ ಏಳು ಲೀಟರಿನಲ್ಲಿ 3.4ರಂತೆ 245 ಗ್ರಾಂ. ವ್ಯತ್ಯಾಸ 76 ಗ್ರಾಂ. ಕೆಚ್ಚಲಲ್ಲಿ ಬಿಟ್ಟದ್ದು ಎಂಟರಲ್ಲಿ ಒಂದು ಲೀಟರ್ ಹಾಲು, ಆದರೆ ಅದರ ಜೊತೆ ಹೋದದ್ದು ಕೊಬ್ಬಿನ ಕಾಲು ಭಾಗ. ಹಾಲು ಕಡಿಮೆಯಾದ ನಷ್ಟ ಒಂದು ಕಡೆ, 3.5ರ ಕೆಳಗೆ ಇಳಿದು ಉಳಿದ ಏಳು ಲೀಟರಿನ ದರವೂ ಬಿದ್ದ ನಷ್ಟ ಇನ್ನೊಂದು ಕಡೆ. ಹದಿನೈದು ದಿನದ ಬಟವಾಡೆಯಲ್ಲಿ ಅದು ಕಣ್ಣಿಗೆ ಕಾಣುವಷ್ಟಿತ್ತು. ಆ ಕೊಬ್ಬನ್ನೆಲ್ಲ ಕುಡಿದ ಕರುವಿಗೆ ಎರಡು ದಿನ ಭೇದಿಯೂ ಆಯಿತು.

ಅಂದಿನಿಂದ ಚೀಟಿ ಓದುವುದು ಅಭ್ಯಾಸವಾಗಿದೆ. ಫ್ಯಾಟ್ ಮಾತ್ರ ಬಿದ್ದರೆ ಕೊನೆಯ ಹಾಲನ್ನೂ ಮೇವನ್ನೂ ನೋಡಬೇಕು. ರಾಗಿ ಹುಲ್ಲಿನಂತಹ ನಾರಿನ ಮೇವು ಕಡಿಮೆಯಾಗಿ ಬರೀ ಹಿಂಡಿ ಬೂಸ ಹೆಚ್ಚಾದರೂ ಫ್ಯಾಟ್ ಇಳಿಯುತ್ತದೆ. ಎಸ್‌ಎನ್‌ಎಫ್ ಮಾತ್ರ ಬಿದ್ದರೆ ಹೊಟ್ಟೆಗೆ ಸಾಲದಿರಬಹುದು, ಇಲ್ಲವೇ ಕೆಚ್ಚಲು ಬಾವು ಶುರುವಾಗಿರಬಹುದು. ಬಾವು ಬಂದ ಕೆಚ್ಚಲಲ್ಲಿ ಹಾಲಿನ ಸಕ್ಕರೆ ಕಡಿಮೆಯಾಗುತ್ತದೆ, ಕೆಲವೊಮ್ಮೆ ಊತ ಕಾಣುವ ಮೊದಲೇ. ಎರಡೂ ಒಂದೇ ಪ್ರಮಾಣದಲ್ಲಿ ಬಿದ್ದರೆ ಮಾತ್ರ ನೀರಿನ ಅನುಮಾನ. ಆಗಲೂ ಯಾರೋ ಮೋಸ ಮಾಡಿದರೆಂದೇ ಅಲ್ಲ. ತೊಳೆದ ಕ್ಯಾನಿನಲ್ಲಿ ಅರ್ಧ ಲೀಟರ್ ನೀರು ಉಳಿದು ಅದಕ್ಕೆ ಎಂಟು ಲೀಟರ್ ಹಾಲು ಸುರಿದರೂ 3.9 ಇದ್ದದ್ದು 3.7, 8.5 ಇದ್ದದ್ದು 8.0 ಆಗುತ್ತದೆ. ಕ್ಯಾನನ್ನು ಬೋರಲು ಹಾಕಿ ಒಣಗಿಸಿದರೆ ಸಾಕು.

ಒಂದು ದಿನದ ಒಂದು ಚೀಟಿಯನ್ನೇ ಪೂರ್ತಿ ನಂಬಬಾರದೆಂಬುದನ್ನೂ ಕಲಿತೆ. ಹಾಲನ್ನು ಕಲಕದೆ ಮೇಲಿಂದ ಮಾದರಿ ತೆಗೆದರೆ ಕೆನೆ ಬಂದು ಫ್ಯಾಟ್ ಹೆಚ್ಚು ತೋರಿಸುತ್ತದೆ. ನೊರೆ ಇದ್ದರೂ, ಹಾಲು ಹುಳಿ ತಿರುಗಿದ್ದರೂ ಯಂತ್ರ ತಪ್ಪು ಓದಬಹುದು. ನಾಲ್ಕೈದು ದಿನದ ಚೀಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಿಜ ಕಾಣುತ್ತದೆ.

ಐದನೇ ದಿನದಿಂದ ಬೆರಳು ನೋವಾದರೂ ಕೊನೆಯವರೆಗೆ ಕರೆದೆ. ಕರುವಿಗೆ ಒಂದು ಮೊಲೆಯ ಹಾಲನ್ನು ಮೊದಲೇ ಅಳತೆಯಲ್ಲಿ ಕುಡಿಸಿಬಿಡುತ್ತಿದ್ದೆ, ಅಮ್ಮ ಮಾಡುತ್ತಿದ್ದಂತೆಯೇ. ವಾರದೊಳಗೆ ಚೀಟಿಯಲ್ಲಿ ಮತ್ತೆ 3.9 ಬಂತು. ಅಂದು ಅದೇ ಹಿರಿಯರು ಸಾಲಿನಲ್ಲಿದ್ದರು. ನಾನು ಹಳೆಯ ಚೀಟಿ, ಹೊಸ ಚೀಟಿ ಎರಡನ್ನೂ ಅವರ ಕೈಗೆ ಕೊಟ್ಟು ಎಸ್‌ಎನ್‌ಎಫ್ ಕಾಲಂ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಜೇಬಿನಿಂದ ತಮ್ಮದೊಂದು ಚೀಟಿ ತೆಗೆದು, “ಇದೂ ಒಸಿ ನೋಡು ಮಗ, ನಂದ್ಯಾಕೆ ಎಸ್‌ಎನ್‌ಎಫೇ ಬೀಳ್ತಾ ಐತೆ?” ಎಂದರು.

ನೋಡಿದೆ. ಫ್ಯಾಟ್ ಸರಿಯಾಗಿತ್ತು, ಎಸ್‌ಎನ್‌ಎಫ್ 7.9. “ಕೆಚ್ಚಲು ಒಂದ್ಸಲ ಡಾಕ್ಟ್ರಿಗೆ ತೋರ್ಸಿ ತಾತ” ಎಂದೆ.