ಮಾವನ 47

ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಓಸಿ ಅಂದ್ರೆ ವಿವರಿಸಬೇಕಿಲ್ಲ, ಅದೇ ಮಟ್ಕಾ. 00ರಿಂದ 99ರೊಳಗಿನ ಒಂದು ನಂಬರಿಗೆ 10 ರೂಪಾಯಿ ಹಚ್ಚಿದರೆ, ಬಂದಾಗ ಒಂದಕ್ಕೆ 80ರಂತೆ 800. ನಮ್ಮ ಮಾವನದು ಯಾವಾಗಲೂ 47. "ನೂರು ದಿನ ಬಿಡದಂಗ ಹಚ್ಚಿದ್ರ ಬಂದೇ ಬರ್ತತಿ" ಅಂತಾರೆ. ಕುಂತು ಲೆಕ್ಕ ಹಾಕಿದೆ. ಆಟದಲ್ಲಿ ಮೋಸವೇ ಇಲ್ಲ ಅಂದ್ಕೊಂಡರೂ, ನೂರು ದಿನದಲ್ಲಿ ಒಮ್ಮೆಯೂ ಬಾರದಿರುವ ಸಾಧ್ಯತೆ ಸುಮಾರು ಶೇ. 37. ಸರಾಸರಿ ನೋಡಿದರೆ 1,000 ಹಾಕಿದವರಿಗೆ 800 ವಾಪಸ್.

ಲೆಕ್ಕ ಮಾವನಿಗೂ ಅರ್ಥವಾಯ್ತು, ಆಟ ನಿಲ್ಲಲಿಲ್ಲ.

ಸ್ಕಿನ್ನರ್ ಮತ್ತು ಫರ್ಸ್ಟರ್ ಪಾರಿವಾಳಗಳ ಮೇಲೆ ಮಾಡಿದ ಪ್ರಯೋಗಗಳು 1957ರಲ್ಲಿ ಪುಸ್ತಕವಾಗಿ ಬಂದವು. ಕುಕ್ಕಿದಾಗಲೆಲ್ಲ ಕಾಳು ಪಡೆದ ಹಕ್ಕಿ, ಕಾಳು ನಿಂತರೆ ಬೇಗ ಬಿಟ್ಟುಬಿಡುತ್ತದೆ. ಯಾವಾಗಲೋ ಒಮ್ಮೆ ಪಡೆದ ಹಕ್ಕಿ ಕುಕ್ಕುತ್ತಲೇ ಇರುತ್ತದೆ. ಯಾಕಂದ್ರೆ ಖಾಲಿ ಹೋದಮೇಲೂ ಕಾಳು ಬಂದಿದ್ದನ್ನು ಅದರ ಮಿದುಳು ಕಲಿತಿರುತ್ತದೆ.

ಮಾವನಿಗೆ ಹಿಂದೊಮ್ಮೆ ಬಂದ 800 ಕೂಡ ತಿಂಗಳುಗಟ್ಟಲೆ ಸೋತ ಮೇಲೆಯೇ ಬಂದದ್ದು. ಹಾಗಾಗಿ ಸೋಲು ಅವರಿಗೆ ನಿಲ್ಲಿಸುವ ಸೂಚನೆಯಾಗಿ ಕಾಣೋದೇ ಇಲ್ಲ. ಮೊನ್ನೆ 46 ಬಂತು. "ಒಂದರಾಗ ತಪ್ಪಿತು ನೋಡಪ್ಪಾ" ಅಂತ ಫೋನ್ ಮಾಡಿದರು. 12 ಬಂದಿದ್ದರೂ ಹೋಗುತ್ತಿದ್ದದ್ದು ಅದೇ ಹತ್ತು ರೂಪಾಯಿ, ಆದರೆ ದನಿ ಮಾತ್ರ ಅರ್ಧ ಗೆದ್ದವರದು.